ಬಸ್ಸಾರಿಗೆ ನಿಮ್ಮ ಮನೆಯಲ್ಲಿ ಯಾವ ಸೊಪ್ಪು?

ಕನ್ನಡದಲ್ಲಿ ಹೊಸದಾಗಿ ಅಡುಗೆ ಚಾನೆಲ್ ಶುರು ಮಾಡಿದವರು ನೋಡುಗರಿಗೆ ಬರೆಯುವ ಮೊದಲ ಕರೆ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ‘ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ನಿಮಗೆ ಯಾವ ರೆಸಿಪಿ ಬೇಕು ಕಾಮೆಂಟ್‌ನಲ್ಲಿ ತಿಳಿಸಿ.’ ಉತ್ತರಗಳೂ ಅಷ್ಟೇ ಸಲೀಸಾಗಿ ಬರುತ್ತವೆ: ಬಿರಿಯಾನಿ, ಗೋಬಿ ಮಂಚೂರಿ, ಕೇಕ್, ‘ಸೂಪರ್ ಅಕ್ಕ’. ಇವುಗಳಿಗೆ ಈಗಾಗಲೇ ರಾಶಿ ರಾಶಿ ವಿಡಿಯೊಗಳಿವೆ. ಹೊಸ ಚಾನೆಲ್ಲಿನ ಬಿರಿಯಾನಿಗಾಗಿ ಕಾದು ಕೂತವರು ಯಾರೂ ಇರುವುದಿಲ್ಲ.

ಸಬ್‌ಸ್ಕ್ರೈಬ್ ಮಾಡಿ ಎಂದು ಅಂಗಲಾಚುವುದಕ್ಕೆ ಕಾರಣ ಇಲ್ಲದಿಲ್ಲ. ನೋಡುಗರಿಗೆ ಅದರಿಂದ ಒಂದು ಪೈಸೆಯ ಖರ್ಚೂ ಇಲ್ಲ. ಚಾನೆಲ್ ನಡೆಸುವವರಿಗೆ ಮಾತ್ರ ಲೆಕ್ಕ ಬೇರೆ. ಉದ್ದದ ವಿಡಿಯೊಗಳನ್ನೇ ನಂಬಿದ ಚಾನೆಲ್ಲಿಗೆ ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಆಗಿರಬೇಕು. ಎಂಟು ನಿಮಿಷದ ವಿಡಿಯೊವನ್ನು ಜನ ಸರಾಸರಿ ಅರ್ಧ ನೋಡುತ್ತಾರೆ ಎಂದುಕೊಂಡರೆ ಅದಕ್ಕೆ 60,000 ಸಲ ಯಾರಾದರೂ ನೋಡಬೇಕಾಯಿತು. ನೆಂಟರು, ನೆರೆಹೊರೆಯವರು, ಆಫೀಸಿನವರು ಸೇರಿ ಚಂದಾದಾರರ ಸಂಖ್ಯೆಯನ್ನೇನೋ ತುಂಬಿಸಿಯಾರು, ಗಂಟೆಗಳನ್ನು ತುಂಬಿಸಲಾರರು. ಅದಕ್ಕೆ ಆ ಅಡುಗೆ ನಿಜವಾಗಿಯೂ ಬೇಕಾದವರೇ ಬರಬೇಕು. ಸುದರ್ಶನ್ ಭಟ್ ಅವರ ‘ಭಟ್ ಎನ್ ಭಟ್’ ಕರಾವಳಿಯ ಮನೆಯಡುಗೆಯನ್ನೇ ತನ್ನ ಗುರುತು ಮಾಡಿಕೊಂಡು ಬೆಳೆದ ಚಾನೆಲ್.

ಹಾಗಾಗಿ ಮೊದಲ ಕರೆಯಲ್ಲಿ ಕೇಳುವ ಪ್ರಶ್ನೆ ಸಣ್ಣದಿರಬೇಕು. ಹಳೇ ಮೈಸೂರು ಕಡೆಯ ಒಂದು ಚಾನೆಲ್ ಹೀಗೆ ಬರೆಯಿತೆನ್ನಿ: ‘ಮುಂದಿನ ವಾರ ಬಸ್ಸಾರು ಮಾಡುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಯಾವ ಸೊಪ್ಪು, ಯಾವ ಕಾಳು ಹಾಕುತ್ತೀರಿ? ಖಾರ ರುಬ್ಬುತ್ತೀರೋ, ಪುಡಿ ಹಾಕುತ್ತೀರೋ? ಊರಿನ ಹೆಸರೂ ಬರೆಯಿರಿ. ಒಂದು ಮನೆಯ ಬಸ್ಸಾರನ್ನು ಅವರು ಹೇಳಿದ ಹಾಗೆಯೇ ಮಾಡಿ ತೋರಿಸುತ್ತೇವೆ. ನೋಡಬೇಕೆನಿಸಿದರೆ ಸಬ್‌ಸ್ಕ್ರೈಬ್ ಆಗಿರಿ.’ ಇದಕ್ಕೆ ‘ಸೂಪರ್’ ಎಂದು ಉತ್ತರಿಸಲು ಬರುವುದಿಲ್ಲ. ದಂಟಿನ ಸೊಪ್ಪಿಗೆ ತೊಗರಿಬೇಳೆ ಎಂದು ಒಬ್ಬರು, ಸಬ್ಬಸಿಗೆಗೆ ಹೆಸರುಕಾಳು ಎಂದು ಇನ್ನೊಬ್ಬರು, ಅಲಸಂದೆ ಇಲ್ಲದ ಬಸ್ಸಾರು ಬಸ್ಸಾರೇ ಅಲ್ಲ ಎಂದು ಮತ್ತೊಬ್ಬರು ಶುರುಮಾಡುತ್ತಾರೆ. ಜಗಳ ಆದರೆ ಇನ್ನೂ ಒಳ್ಳೆಯದು. ವಾದ ಮಾಡಿದವರು ವಿಡಿಯೊ ನೋಡಲು ಬಂದೇ ಬರುತ್ತಾರೆ.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಮನೆಯಿಂದ ಬರುವ ಪಾಕವಿಧಾನದಲ್ಲಿ ಅಳತೆ ಇರುವುದಿಲ್ಲ. ‘ಒಂದು ಕಟ್ಟು ಸೊಪ್ಪು, ಒಂದು ಹಿಡಿ ಬೇಳೆ, ನಿಂಬೆಗಾತ್ರದ ಹುಣಸೆ, ಆರೇಳು ಮೆಣಸಿನಕಾಯಿ, ನೀರು ನೋಡಿಕೊಂಡು.’ ಬರೆದ ಅಮ್ಮನಿಗೆ ಇದು ಪೂರ್ತಿ ಪಾಕ. ಪುಣೆಯಲ್ಲೋ ದುಬೈನಲ್ಲೋ ಮೊದಲ ಸಲ ಒಲೆ ಹಚ್ಚಿದ ಕನ್ನಡದ ಹುಡುಗನಿಗೆ ಇದರಲ್ಲಿ ಏನೂ ಹಿಡಿಯುವುದಿಲ್ಲ. ಕ್ಯಾಮೆರಾ ಇಡುವ ಮುಂಚೆ ಚಾನೆಲ್‌ನವರು ಇದನ್ನು ಒಮ್ಮೆ ತೂಕ ಹಾಕಿ ಮಾಡಿ ನೋಡಲೇಬೇಕು.

ನಾಲ್ಕು ಜನರ ಅಂದಾಜು ಹೀಗೆ. ಅರ್ಧ ಕಪ್ ತೊಗರಿಬೇಳೆ ತೊಳೆದು, ಐದು ಕಪ್ ನೀರು, ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಬೇಕು. ಇಪ್ಪತ್ತು ನಿಮಿಷದ ಸುಮಾರಿಗೆ ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿದರೆ ಮೆತ್ತಗೆ ಎರಡಾಗಬೇಕೇ ಹೊರತು ಹಿಟ್ಟಾಗಬಾರದು. ಆಗ ಹೆಚ್ಚಿದ ಕಾಲು ಕಿಲೋ ದಂಟಿನ ಸೊಪ್ಪು, ಉಪ್ಪು ಹಾಕಿ, ಮುಚ್ಚದೆ ಏಳೆಂಟು ನಿಮಿಷ ಬೇಯಿಸಿ ಬಸಿಯಬೇಕು. ಸುಮಾರು ಮೂರು ಕಪ್ ಕಟ್ಟು ಸಿಗುತ್ತದೆ. ಆರು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಧನಿಯ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ಹುರಿದುಕೊಂಡು, ಬಾಡಿಸಿದ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಕಾಲು ಕಪ್ ತೆಂಗಿನತುರಿ, ಹುಣಸೆ ಸೇರಿಸಿ ನುಣ್ಣಗೆ ರುಬ್ಬಬೇಕು. ರುಬ್ಬುವಾಗ ಬೆಂದ ಸೊಪ್ಪು-ಬೇಳೆ ಎರಡು ಚಮಚ ಹಾಕುವುದನ್ನು ಹೇಳಲು ಬಹಳ ಮಂದಿ ಮರೆಯುತ್ತಾರೆ; ಸಾರಿಗೆ ಮೈ ಬರುವುದು ಅದರಿಂದಲೇ. ಇದನ್ನು ಕಟ್ಟಿಗೆ ಕಲಸಿ ಹತ್ತು ನಿಮಿಷ ಕುದಿಸಿ ಒಗ್ಗರಣೆ ಕೊಟ್ಟರೆ ಬಸ್ಸಾರು. ಬಸಿದುಳಿದ ಸೊಪ್ಪು-ಬೇಳೆಗೆ ಇನ್ನೊಂದು ಒಗ್ಗರಣೆ, ಒಂದಿಷ್ಟು ಕಾಯಿ ಬಿದ್ದರೆ ಪಲ್ಯ. ಮುದ್ದೆ ಬೇರೆ ಹೇಳಬೇಕಿಲ್ಲ.

ವಿಡಿಯೊ ಹಾಕಿದ ಮೇಲೆ ದೂರುಗಳು ಬರುತ್ತವೆ. ಅವು ಬರುವ ಜಾಗ ಮೊದಲೇ ಗೊತ್ತಿದ್ದರೆ ಚಿತ್ರೀಕರಣದಲ್ಲೇ ಉತ್ತರ ಇಟ್ಟುಬಿಡಬಹುದು. ‘ಬಸಿಯಲು ನೀರೇ ಇಲ್ಲ, ಎಲ್ಲ ಗಂಜಿಯಾಯಿತು’ ಎನ್ನುವವರು ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದವರು. ಬೇಳೆ ಒತ್ತಿ ನೋಡುವ ಬೆರಳನ್ನು ಹತ್ತಿರದಿಂದ ತೋರಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ‘ಮುಕ್ಕಾಲು ಗಂಟೆಯಾದರೂ ಬೇಳೆ ಬೇಯಲಿಲ್ಲ’ ಎಂದರೆ ಬೇಳೆ ಹಳೆಯದಿರಬಹುದು, ಇಲ್ಲವೇ ನೀರು ಗಡಸು. ಗಡಸು ನೀರಿನ ಸುಣ್ಣದಂಶ ಬೇಳೆಯ ತಿರುಳನ್ನು ಬಿಗಿಯಾಗಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿ ನೀರು ಬಳಸುವವರಿಗೆ ಇದು ಹೊಸದಲ್ಲ. ಕುಡಿಯಲು ಸೋಸಿದ ನೀರಿನಲ್ಲಿ ಬೇಯಿಸಿದರೆ ವ್ಯತ್ಯಾಸ ಕಾಣುತ್ತದೆ. ಹುಳಿಯೂ ಹಾಗೆಯೇ. ಬೇಳೆ ಬೇಯುವ ಮುಂಚೆ ಹುಣಸೆ ಬಿದ್ದರೆ ಬೇಳೆ ಮೆತ್ತಗಾಗಲು ಒಪ್ಪುವುದಿಲ್ಲ.

ಹೆಚ್ಚು ಬೈಗುಳ ತರುವುದು ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಅದೇ ಆರರ ಲೆಕ್ಕದಲ್ಲಿ ಗುಂಟೂರು ಹಾಕಿದವರು ಊಟ ಬಿಟ್ಟೇಳಬೇಕಾಗುತ್ತದೆ. ‘ಆರು ಮೆಣಸಿನಕಾಯಿ’ ಎಂದು ಬರೆದು ಸುಮ್ಮನಾದರೆ ತಪ್ಪು ಅಡುಗೆ ಮಾಡಿದವರದಲ್ಲ. ಹುಣಸೆಗೂ ತೂಕ ಹೇಳುವುದು ಕ್ಷೇಮ. ಈ ಅಳತೆಗೆ ಹತ್ತು ಗ್ರಾಂ ಸಾಕು. ನಿಂಬೆಹಣ್ಣು ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ ಬೇರೆ ಗಾತ್ರ.

ನೋಡುಗರು ಹೇಳಿದ್ದನ್ನೆಲ್ಲ ಹಾಗೆಯೇ ಕ್ಯಾಮೆರಾ ಮುಂದೆ ಇಡಲೂ ಆಗುವುದಿಲ್ಲ. ಬಸ್ಸಾರಿನ ಮಾತು ಬಂದರೆ ಬೆರಕೆ ಸೊಪ್ಪಿನ ಮಾತೂ ಬರುತ್ತದೆ: ಅಣ್ಣೆ, ಗೋಣಿ, ಗಣಿಕೆ, ಕಿರಕಸಾಲೆ. ಹೊಲದ ಬದುವಿನಲ್ಲಿ ಆರಿಸಿ ಬೆಳೆದವರಿಗೆ ಎಲೆಯ ಗುರುತು ಕೈಗೇ ಗೊತ್ತು. ವಿಡಿಯೊ ನೋಡಿ ಮನೆಯ ಹಿಂದೆ ಕಿತ್ತುಕೊಂಡವರಿಗೆ ಗೊತ್ತಿರುವುದಿಲ್ಲ, ಹೋಲುವ ಗಿಡಗಳೆಲ್ಲ ತಿನ್ನುವಂಥವೂ ಅಲ್ಲ. ಇಂಥದ್ದನ್ನು ಸೊಪ್ಪು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಎಲೆ ಬೇರೆಯಾಗಿ ಹಿಡಿದು ತೋರಿಸಿಯೇ ಮಾಡಬೇಕು. ಅದಾಗದಿದ್ದರೆ ಸಂತೆಯಲ್ಲಿ ಮಾರುವವರಿಂದಲೇ ಕೊಳ್ಳಿ ಎಂದು ನೇರವಾಗಿ ಹೇಳಬೇಕು.

ಪಾಕ ಕಳಿಸಿದವರ ಹೆಸರನ್ನು ಕೇಳಿಯೇ ಹಾಕಬೇಕು. ಎಲ್ಲರಿಗೂ ಹೆಸರು ಬೇಕಿರುವುದಿಲ್ಲ. ‘ಮಳವಳ್ಳಿ ಕಡೆಯ ಮನೆಯೊಂದರಿಂದ’ ಎಂದರೂ ಅವರಿಗೆ ಸಂತೋಷವೇ. ತೂಕ ಹಾಕಿದ ಅಳತೆಯನ್ನು ವಿಡಿಯೊದ ಕೆಳಗೆ ಬರಹದಲ್ಲಿ ಕೊಟ್ಟು, ದೂರು ಬಂದ ಹಾಗೆ ಅಲ್ಲೇ ತಿದ್ದುತ್ತ ಹೋದರೆ ವಿಡಿಯೊ ಮತ್ತೆ ತೆಗೆಯುವ ಗೋಜಿಲ್ಲ. ಇಷ್ಟರಲ್ಲಿ ರಾಯಚೂರಿನವರೊಬ್ಬರು ‘ನಮ್ಮ ಪುಂಡಿಪಲ್ಯ ಯಾವಾಗ?’ ಎಂದು ಕೇಳಿಯೇ ಇರುತ್ತಾರೆ. ಅವರಿಗೆ ಮರುಪ್ರಶ್ನೆ ಹಾಕಬೇಕು: ಅದಕ್ಕೆ ನೀವು ಹಾಕುವುದು ಜೋಳದ ನುಚ್ಚೋ, ಅಕ್ಕಿ ನುಚ್ಚೋ?