ಸ್ಕ್ಯಾನ್ ಆಗುತ್ತದೆ, ಮೇಲ್ ಮಾತ್ರ ಹೋಗುವುದಿಲ್ಲ

ಕಚೇರಿಯ ಮಲ್ಟಿಫಂಕ್ಷನ್ ಪ್ರಿಂಟರ್‌ನಲ್ಲಿ ಜೆರಾಕ್ಸ್ ಬರುತ್ತದೆ, ಪ್ರಿಂಟ್ ಬರುತ್ತದೆ, ಕಾಗದ ಇಟ್ಟರೆ ಸ್ಕ್ಯಾನ್ ಕೂಡ ಆಗುತ್ತದೆ. ಅದನ್ನು ಮೇಲ್‌ಗೆ ಕಳಿಸಲು ಹೋದರೆ ಮಾತ್ರ ಸ್ವಲ್ಪ ಹೊತ್ತು ತಡೆದು, ಕಳಿಸಲು ಆಗಲಿಲ್ಲ ಎಂಬ ಸಂದೇಶ ತೋರಿಸುತ್ತದೆ. ನಿನ್ನೆಯವರೆಗೆ ಸರಿಯಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅವರು ಹೇಳುವುದು ನಿಜ. ಇಂಥ ಬಹುತೇಕ ಪ್ರಕರಣಗಳಲ್ಲಿ ಯಂತ್ರದ ಯಾವ ಭಾಗವೂ ಕೆಟ್ಟಿರುವುದಿಲ್ಲ. ಅದರ ಸುತ್ತಲಿನ ಏನೋ ಒಂದು ಬದಲಾಗಿರುತ್ತದೆ, ಯಂತ್ರದೊಳಗೆ ಬರೆದಿಟ್ಟ ವಿವರ ಮಾತ್ರ ಹಳೆಯದೇ ಉಳಿದಿರುತ್ತದೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಸ್ಕ್ಯಾನ್ ಮಾಡಿದ್ದನ್ನು ಮೇಲ್ ಮಾಡುವಾಗ ಪಕ್ಕದ ಕಂಪ್ಯೂಟರಿಗೆ ಯಾವ ಪಾತ್ರವೂ ಇಲ್ಲ. ಪ್ರಿಂಟರ್ ತಾನೇ ಇಂಟರ್ನೆಟ್ಟಿಗೆ ಹೋಗಿ, ಜಿಮೇಲ್‌ನಂಥ ಸೇವೆಯ ಎಸ್‌ಎಂಟಿಪಿ ಸರ್ವರನ್ನು ಹುಡುಕಿ, ಅದರ ಒಂದು ಪೋರ್ಟ್ ಮೂಲಕ ಮಾತು ಶುರುಮಾಡಿ, ಗೂಢಲಿಪಿಯ ಸಂಪರ್ಕಕ್ಕೆ ಒಪ್ಪಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಆಮೇಲೆ ಪತ್ರ ಒಪ್ಪಿಸಬೇಕು. ಈ ಕೆಲಸಗಳು ಇದೇ ಸರದಿಯಲ್ಲಿ ನಡೆಯುತ್ತವೆ. ಎಲ್ಲಿ ನಿಂತಿತು ಎಂದು ಗೊತ್ತಾದರೆ ಅದಕ್ಕಿಂತ ಹಿಂದಿನದೆಲ್ಲ ಸರಿಯಿದೆ ಎಂದರ್ಥ. ಆದ್ದರಿಂದ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸಬಾರದು. ಹಾಗೆ ಮಾಡಿದರೆ ಸರಿಯಿದ್ದದ್ದೂ ಕೆಡುತ್ತದೆ.

ಒಂದು ವಕೀಲರ ಕಚೇರಿಯನ್ನು ಊಹಿಸಿಕೊಳ್ಳಿ. ಹಳೆಯ ಬ್ರಾಡ್‌ಬ್ಯಾಂಡ್ ತೆಗೆಸಿ ಹೊಸ ಫೈಬರ್ ಸಂಪರ್ಕ ಹಾಕಿಸಿದ್ದಾರೆ. ಅದೇ ವಾರ, ಸುರಕ್ಷತೆಗೆಂದು ಕಚೇರಿಯ ಜಿಮೇಲ್ ಪಾಸ್‌ವರ್ಡನ್ನೂ ಬದಲಿಸಿದ್ದಾರೆ. ಮರುದಿನ ವಕಾಲತ್ತಿನ ಪ್ರತಿ ಮೇಲ್ ಮಾಡಲು ಹೋದರೆ, ಸರ್ವರ್ ಸಂಪರ್ಕ ಸಿಗಲಿಲ್ಲ ಎಂದು ಪರದೆ ಹೇಳುತ್ತದೆ. ಗುಮಾಸ್ತರು ಹೊಸ ಪಾಸ್‌ವರ್ಡನ್ನು ಯಂತ್ರಕ್ಕೆ ಹಾಕಿ ನೋಡುತ್ತಾರೆ. ಸಂದೇಶ ಬದಲಾಗುವುದಿಲ್ಲ.

ಬದಲಾಗದಿರುವುದೇ ಇಲ್ಲಿ ಸುಳಿವು. ಸರ್ವರೇ ಸಿಗದಿರುವಾಗ ಪಾಸ್‌ವರ್ಡನ್ನು ಯಾರೂ ಇನ್ನೂ ಕೇಳಿಲ್ಲ. ಈಗ ಪ್ರಿಂಟರ್‌ನ ಐಪಿ ವಿಳಾಸವನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಟೈಪ್ ಮಾಡಿ ಅದರ ಸೆಟಿಂಗ್ ಪುಟ ತೆರೆಯಬೇಕು. ಪರದೆಯ ಪುಟ್ಟ ಕೀಲಿಗಳಲ್ಲಿ ಒದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ. ನೆಟ್‌ವರ್ಕ್ ವಿಭಾಗದಲ್ಲಿ ಗೇಟ್‌ವೇ ಮತ್ತು ಡಿಎನ್‌ಎಸ್ ಎರಡಕ್ಕೂ 192.168.1.1 ಎಂದಿದೆ. ಅದು ಹಳೆಯ ರೂಟರ್‌ನ ವಿಳಾಸ. ಹೊಸ ರೂಟರ್ ಕುಳಿತಿರುವುದು 192.168.1.254ರಲ್ಲಿ. ಕಂಪ್ಯೂಟರುಗಳು ತಮ್ಮ ವಿವರವನ್ನು ರೂಟರ್‌ನಿಂದ ತಾವೇ ಪಡೆದುಕೊಂಡವು. ಪ್ರಿಂಟರ್‌ಗೆ ಯಾರೋ ಹಿಂದೆ ಕೈಯಾರೆ ಬರೆದಿಟ್ಟಿದ್ದರು. ಒಂದೇ ಕಟ್ಟಡದೊಳಗಿನ ಪ್ರಿಂಟ್ ಕೆಲಸಕ್ಕೆ ಗೇಟ್‌ವೇ ಬೇಡ, ಹಾಗಾಗಿ ಪ್ರಿಂಟ್ ಬರುತ್ತಲೇ ಇತ್ತು. ಹೊರಗಿನ ಸರ್ವರ್ ಹುಡುಕಲು ಮಾತ್ರ ದಾರಿ ಇರಲಿಲ್ಲ.

ಎರಡನ್ನೂ ತಿದ್ದಿ, ಅದೇ ಪುಟದಲ್ಲಿ ಯಂತ್ರದ ತಾರೀಖು, ಸಮಯವನ್ನೂ ನೋಡಿಬಿಡುವುದು ಒಳ್ಳೆಯದು. ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೆ ಸರ್ವರ್‌ನ ಪ್ರಮಾಣಪತ್ರ ಯಂತ್ರಕ್ಕೆ ಅಸಿಂಧುವಾಗಿ ಕಾಣುತ್ತದೆ.

ಮುಂದಿನದು ಪೋರ್ಟ್. ಈ ಕಚೇರಿಯ ಯಂತ್ರದಲ್ಲಿ ಸರ್ವರ್ ಹೆಸರು `smtp.gmail.com` ಎಂದು ಸರಿಯಾಗಿದೆ, ಪೋರ್ಟ್ ಮಾತ್ರ 25. ಸರ್ವರ್‌ಗಳು ತಮ್ಮತಮ್ಮಲ್ಲಿ ಪತ್ರ ದಾಟಿಸಿಕೊಳ್ಳಲು ಬಳಸುವ ಪೋರ್ಟ್ ಅದು. ಸ್ಪ್ಯಾಮ್ ತಡೆಯಲೆಂದು ಅನೇಕ ಇಂಟರ್ನೆಟ್ ಕಂಪನಿಗಳು ಗ್ರಾಹಕರಿಗೆ ಅದನ್ನು ಮುಚ್ಚಿಬಿಡುತ್ತವೆ. ಹಳೆಯ ಕಂಪನಿ ಬಿಟ್ಟಿತ್ತು, ಹೊಸದು ಬಿಡುವುದಿಲ್ಲ. ನಮ್ಮಂಥ ಬಳಕೆದಾರರ ಪತ್ರ ಒಪ್ಪಿಸಲು ಇರುವ ಪೋರ್ಟ್‌ಗಳು 587 ಮತ್ತು 465. ಕಚೇರಿಯಿಂದ ಆ ಪೋರ್ಟ್ ತೆರೆದಿದೆಯೇ ಎಂದು ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಒಂದೇ ಸಾಲಿನಿಂದ ತಿಳಿಯಬಹುದು.

```
Test-NetConnection smtp.gmail.com -Port 587
```

ಕೊನೆಯಲ್ಲಿ `TcpTestSucceeded : True` ಎಂದು ಬಂದರೆ ದಾರಿ ತೆರೆದಿದೆ.

ಈ ಎರಡು ಪೋರ್ಟ್‌ಗಳ ರೀತಿ ಬೇರೆ. 587ರಲ್ಲಿ ಮಾತು ಬಯಲಾಗಿ ಶುರುವಾಗಿ, ಯಂತ್ರ STARTTLS ಎಂದ ಮೇಲೆ ಗೂಢಲಿಪಿಗೆ ತಿರುಗುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ. ಯಂತ್ರದ ಸೆಟಿಂಗ್‌ನಲ್ಲಿ 587ರ ಜತೆ STARTTLS, 465ರ ಜತೆ SSL/TLS ಆರಿಸಬೇಕು. 465ಕ್ಕೆ STARTTLS ಇಟ್ಟರೆ ಯಂತ್ರ ಸರ್ವರ್‌ನ ನಮಸ್ಕಾರಕ್ಕೆ ಕಾಯುತ್ತದೆ, ಸರ್ವರ್ ಯಂತ್ರ ಮೊದಲಾಗಲಿ ಎಂದು ಕಾಯುತ್ತದೆ, ಕೊನೆಗೆ ಸಮಯ ಮುಗಿದು ಸಂಪರ್ಕ ಕಡಿಯುತ್ತದೆ. ಯಂತ್ರ ತುಂಬ ಹೊತ್ತು ಸುಮ್ಮನೆ ಕಾದು ಸೋತರೆ ಇದನ್ನೂ ಅನುಮಾನಿಸಿ. 587ರಲ್ಲಿ ಗೂಢಲಿಪಿಯೇ ಬೇಡವೆಂದು ಇಟ್ಟರೆ ಜಿಮೇಲ್ 530 ಸಂಖ್ಯೆಯ ಉತ್ತರ ಕೊಟ್ಟು, ಮೊದಲು STARTTLS ಹೇಳು ಎನ್ನುತ್ತದೆ.

ಗೇಟ್‌ವೇ, ಪೋರ್ಟ್ ಎರಡೂ ಸರಿಯಾದ ಮೇಲೆ ನಮ್ಮ ಕಚೇರಿಯಲ್ಲಿ ಸಂದೇಶ ಬದಲಾಗುತ್ತದೆ. ಈಗ ಬರುವುದು ದೃಢೀಕರಣ ವಿಫಲ ಎಂಬ ಸಂದೇಶ. ಲಾಗ್ ತೆರೆದರೆ 534 ಎಂಬ ಸಂಖ್ಯೆ. ಗುಮಾಸ್ತರಿಗೆ ಇದು ಹೊಸ ತೊಂದರೆ ಅನಿಸುತ್ತದೆ. ವಾಸ್ತವದಲ್ಲಿ ಪತ್ರ ಜಿಮೇಲ್‌ನ ಬಾಗಿಲವರೆಗೂ ಹೋಗಿದೆ.

ಹಾಕಿದ ಪಾಸ್‌ವರ್ಡ್ ಸರಿಯಾಗಿಯೇ ಇದೆ. ಅದರಿಂದ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯುತ್ತದೆ. ಯಂತ್ರಕ್ಕೆ ಮಾತ್ರ ಅದು ನಡೆಯುವುದಿಲ್ಲ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಹೊರಗಿನ ಸಾಧನಗಳು ಒಳಬರುವ ಅನುಕೂಲವನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಂದು ನಿಲ್ಲಿಸಿತು. ಫೋನಿಗೆ ಬರುವ ಎರಡನೇ ಹಂತದ ಪ್ರಶ್ನೆಗೆ ಪ್ರಿಂಟರ್ ಉತ್ತರಿಸಲಾರದು. ಅದಕ್ಕೆಂದೇ ಆ್ಯಪ್ ಪಾಸ್‌ವರ್ಡ್ ಇದೆ.

ಮೊದಲು ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಆಗಿರಬೇಕು. ನಂತರ `myaccount.google.com/apppasswords` ತೆರೆದು, ಗುರುತಿಗೆ ‘ಕಚೇರಿ ಪ್ರಿಂಟರ್’ ಎಂದೇನಾದರೂ ಹೆಸರು ಕೊಟ್ಟರೆ 16 ಅಕ್ಷರಗಳ ಪಾಸ್‌ವರ್ಡ್ ಕಾಣುತ್ತದೆ. ಓದಲು ಅನುಕೂಲವಾಗಲೆಂದು ಅದನ್ನು ನಾಲ್ಕು ನಾಲ್ಕಾಗಿ ಬಿಡಿಸಿ ತೋರಿಸಿರುತ್ತಾರೆ. ಯಂತ್ರಕ್ಕೆ ಹಾಕುವಾಗ ನಡುವಿನ ಜಾಗ ಬಿಟ್ಟು ಒಟ್ಟಿಗೆ ಹಾಕಿ. ಆ ಕಿಟಕಿ ಮುಚ್ಚಿದರೆ ಅದು ಮತ್ತೆ ಕಾಣುವುದಿಲ್ಲ. ಬಳಕೆದಾರ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ ಇರಲಿ, ಕಳಿಸುವವರ ವಿಳಾಸವೂ ಅದೇ ಇರಲಿ.

ಈ ಕಚೇರಿಯ ಯಂತ್ರದಲ್ಲಿ ಹಿಂದೆಯೇ ಆ್ಯಪ್ ಪಾಸ್‌ವರ್ಡ್ ಇತ್ತು. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದೊಡನೆ ಗೂಗಲ್ ಹಳೆಯ ಆ್ಯಪ್ ಪಾಸ್‌ವರ್ಡ್‌ಗಳನ್ನು ರದ್ದು ಮಾಡುತ್ತದೆ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಹೊಸದೊಂದು ಮಾಡಿಕೊಂಡು ಹಾಕಿದಾಗ ವಕಾಲತ್ತು ಹೋಗುತ್ತದೆ.

ಆ 16 ಅಕ್ಷರಗಳ ಬಗ್ಗೆ ಎಚ್ಚರ ಬೇಕು. ಪತ್ರ ಕಳಿಸಲು ಮಾತ್ರವಲ್ಲ, ಬೇರೆ ಸಾಧನದಿಂದ ಮೇಲ್ ಪೆಟ್ಟಿಗೆ ತೆರೆದು ಓದಲೂ ಅದು ಸಾಕು. ಕಕ್ಷಿದಾರರ ಪತ್ರಗಳಿರುವ ಖಾತೆಯನ್ನು ಎಲ್ಲರೂ ಮುಟ್ಟುವ ಯಂತ್ರಕ್ಕೆ ಜೋಡಿಸುವುದು ನನ್ನ ಮಟ್ಟಿಗೆ ತಪ್ಪು. ಸ್ಕ್ಯಾನ್‌ಗೆಂದೇ ಬೇರೆ ಜಿಮೇಲ್ ಖಾತೆ ಮಾಡಿಡಿ. ಯಂತ್ರವನ್ನು ಮಾರುವಾಗ ಅಥವಾ ಬಾಡಿಗೆಯದಾಗಿದ್ದರೆ ಹಿಂತಿರುಗಿಸುವಾಗ ಆ ಆ್ಯಪ್ ಪಾಸ್‌ವರ್ಡನ್ನು ಅಳಿಸಿಬಿಡಿ.

ಒಂದೆರಡು ಪುಟ ಹೋಗಿ ದೊಡ್ಡ ಕಡತ ಹೋಗದಿದ್ದರೆ ಈ ಸೆಟಿಂಗ್‌ಗಳನ್ನು ಮತ್ತೆ ಕೆದಕಬೇಡಿ. ಜಿಮೇಲ್‌ನ ಮಿತಿ 25 ಎಂಬಿ. ಲಗತ್ತು ಪತ್ರದೊಳಗೆ ಸೇರುವಾಗ ಸುಮಾರು ಮೂರನೇ ಒಂದರಷ್ಟು ಹಿಗ್ಗುವುದರಿಂದ 18 ಎಂಬಿ ದಾಟಿದ ಸ್ಕ್ಯಾನ್ ಸಿಕ್ಕಿಬೀಳುತ್ತದೆ. ಬಣ್ಣ ಬಿಟ್ಟು ಕಪ್ಪು-ಬಿಳುಪಿನಲ್ಲಿ, 200 ಡಿಪಿಐನಲ್ಲಿ ಮಾಡಿದರೆ ಗಾತ್ರ ಬಹಳ ಇಳಿಯುತ್ತದೆ. ಯಂತ್ರ ಹೋಯಿತು ಎಂದು ಹೇಳಿ ಆ ಕಡೆಯವರಿಗೆ ಸಿಗದಿದ್ದರೆ, ಸ್ಕ್ಯಾನ್ ಖಾತೆಯ ಕಳಿಸಿದ ಪತ್ರಗಳ ಪಟ್ಟಿ ನೋಡಿ. ಅಲ್ಲಿದ್ದರೆ ನಿಮ್ಮ ಪ್ರಿಂಟರ್‌ನ ಕೆಲಸ ಮುಗಿದಿದೆ, ಹುಡುಕಬೇಕಾದದ್ದು ಅವರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ.