ಒಂದು ಕಪ್ ಕಿಚಡಿಯ ಲೆಕ್ಕ

ತುಪ್ಪ, ಬೇಳೆ, ತರಕಾರಿ ಹಾಕಿದ ಕಿಚಡಿ ಒಂದು ಕಪ್‌ಗೆ ಎಷ್ಟು ಕ್ಯಾಲೊರಿ ಎಂದು ಹುಡುಕಲು ಹೊರಟರೆ ಒಂದು ಕಡೆ 130 ಸಿಗುತ್ತದೆ, ಇನ್ನೊಂದು ಕಡೆ 200, ಮತ್ತೊಂದು ಕಡೆ 300ರ ಹತ್ತಿರ. ತೂಕ ಇಳಿಸಲು ಹೊರಟವರು ಕಡಿಮೆಯದನ್ನು ನಂಬುತ್ತಾರೆ, ಮಕ್ಕಳು ಸಣ್ಣಗಿದ್ದಾರೆ ಎಂದು ಕೊರಗುವವರೂ ಅದೇ ಸಂಖ್ಯೆ ನೋಡಿ ಇನ್ನೊಂದು ಚಮಚ ತುಪ್ಪ ಸುರಿಯುತ್ತಾರೆ. ವಿಚಿತ್ರವೆಂದರೆ ಈ ಮೂರು ಸಂಖ್ಯೆಗಳೂ ಸರಿಯಿರಬಹುದು. ಅಷ್ಟೇ ಅಲ್ಲ, ಮೂರೂ ಒಂದೇ ಅಳತೆಯ ಸಾಮಾನು ಹಾಕಿದ ಕಿಚಡಿಯವೇ ಆಗಿರಬಹುದು.

ಹೇಗೆಂದು ನೋಡಲು ಒಂದು ಕುಕ್ಕರ್ ಕಿಚಡಿಯ ಲೆಕ್ಕವನ್ನೇ ಪೂರ್ತಿ ಹಾಕೋಣ. ಅಕ್ಕಿ 150 ಗ್ರಾಂ. ಬೇಳೆ 100 ಗ್ರಾಂ, ಅದರಲ್ಲಿ ಅರ್ಧ ಹೆಸರುಬೇಳೆ, ಉಳಿದರ್ಧದಲ್ಲಿ ತೊಗರಿಬೇಳೆ ಮತ್ತು ಚನ್ನಂಗಿಬೇಳೆ ಸಮಸಮ. ಕ್ಯಾರೆಟ್, ಹುರುಳಿಕಾಯಿ, ಹಸಿ ಬಟಾಣಿ ಸೇರಿ ಕಾಲು ಕೆಜಿ. ಈರುಳ್ಳಿ, ಟೊಮೆಟೊ 150 ಗ್ರಾಂ. ತುಪ್ಪ ಮೂರು ದೊಡ್ಡ ಚಮಚ, ಅಂದರೆ ಸುಮಾರು 40 ಗ್ರಾಂ. ಜೀರಿಗೆ, ಮೆಣಸು, ಇಂಗು, ಅರಿಶಿನ, ಉಪ್ಪು ಎಲ್ಲ ಇದ್ದರೂ ಲೆಕ್ಕಕ್ಕೆ ಸಿಗುವಷ್ಟಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರ ಪದಾರ್ಥಗಳ ಪಟ್ಟಿಯನ್ನು ಹೊಸದಾಗಿ ಪ್ರಕಟಿಸಿತು. ಅದರ ಪ್ರಕಾರ ಪಾಲಿಶ್ ಮಾಡಿದ ಹಸಿ ಅಕ್ಕಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಎನ್ನಬಹುದು. ಬೇಳೆಗಳು 320ರಿಂದ 330ರ ಆಸುಪಾಸು. ಹೀಗಾಗಿ ನಮ್ಮ ಅಕ್ಕಿಯಿಂದ 525, ಬೇಳೆಯಿಂದ 330 ಬಂತು. ತರಕಾರಿ, ಈರುಳ್ಳಿ, ಟೊಮೆಟೊ ಎಲ್ಲ ಸೇರಿ 160 ದಾಟುವುದಿಲ್ಲ, ಅದರಲ್ಲೂ ದೊಡ್ಡ ಪಾಲು ಬಟಾಣಿಯದು. ತುಪ್ಪದ 40 ಗ್ರಾಂ ಮಾತ್ರ ಒಂದೇ ಏಟಿಗೆ 360 ಸೇರಿಸುತ್ತದೆ. ಒಟ್ಟು 1375.

ಈ ಸಂಖ್ಯೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕುಕ್ಕರಿನ ಮುಚ್ಚಳ ಹಾಕಿದ ಮೇಲೆ ಮೂರು ಸೀಟಿ ಕೂಗಿದರೂ ಐದು ಕೂಗಿದರೂ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಬೆಯಾಗಿ ಹೊರಗೆ ಹೋಗುವುದು ನೀರು, ನೀರಿಗೆ ಕ್ಯಾಲೊರಿ ಇಲ್ಲ. ಅನ್ನ ಬಸಿದರೆ ಗಂಜಿಯ ಜೊತೆ ಸ್ವಲ್ಪ ಪಿಷ್ಟ ಹೊರಟುಹೋಗುತ್ತದೆ, ಕಿಚಡಿಯಲ್ಲಿ ಬಸಿಯುವ ಮಾತೇ ಇಲ್ಲ. ಹಾಕಿದ್ದೆಲ್ಲ ಪಾತ್ರೆಯಲ್ಲೇ ಉಳಿಯುತ್ತದೆ.

ಬದಲಾಗುವುದು ನೀರು. ಇದೇ ಸಾಮಾನಿಗೆ ಒಂದು ಲೀಟರ್ ನೀರು ಹಾಕಿದರೆ ಮೆತ್ತಗೆ, ಚಮಚದಲ್ಲಿ ಜಾರುವ ಕಿಚಡಿ ಆಗುತ್ತದೆ. ಹಬೆಯಲ್ಲಿ ಹೋದದ್ದನ್ನು ಕಳೆದರೆ ಬೆಂದದ್ದು ಸುಮಾರು 1600 ಗ್ರಾಂ. ನೀರನ್ನು 600 ಮಿಲಿಗೆ ಇಳಿಸಿದರೆ ಗಟ್ಟಿಯಾದ, ಕೈಯಲ್ಲಿ ಕಲಸಿ ಉಣ್ಣುವಂಥ ಕಿಚಡಿ, ಸುಮಾರು 1200 ಗ್ರಾಂ. ಕಪ್‌ಗೆ 200 ಗ್ರಾಂ ಹಿಡಿದರೆ ಮೊದಲನೆಯದು ಎಂಟು ಕಪ್, ಎರಡನೆಯದು ಆರು. 1375ನ್ನು ಎಂಟರಿಂದ ಭಾಗಿಸಿದರೆ 172, ಆರರಿಂದ ಭಾಗಿಸಿದರೆ 229. ಅಕ್ಕಿ ಒಂದು ಕಾಳು ಹೆಚ್ಚಿಲ್ಲ, ತುಪ್ಪ ಒಂದು ತೊಟ್ಟು ಹೆಚ್ಚಿಲ್ಲ, ಆದರೂ ಕಪ್‌ಗೆ 57 ಕ್ಯಾಲೊರಿಯ ವ್ಯತ್ಯಾಸ.

ಇನ್ನು ಕಪ್ ಎಂದರೆ ಯಾವ ಕಪ್? ಅಮೆರಿಕದ ಅಡುಗೆ ಪುಸ್ತಕಗಳ ಕಪ್ 240 ಮಿಲಿ. ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180 ಮಿಲಿ. ಊಟಕ್ಕೆ ಇಡುವ ಸ್ಟೀಲ್ ಬಟ್ಟಲು 150ರ ಆಸುಪಾಸು, ಆದರೆ ಮನೆಯಿಂದ ಮನೆಗೆ ಬೇರೆ. ಮೆತ್ತನೆಯ ಕಿಚಡಿಯನ್ನು ಸ್ಟೀಲ್ ಬಟ್ಟಲಲ್ಲಿ ಬಡಿಸಿದರೆ ಸುಮಾರು 130 ಕ್ಯಾಲೊರಿ. ಗಟ್ಟಿ ಕಿಚಡಿಯನ್ನು 240ರ ಕಪ್ಪಿನಲ್ಲಿ ತುಂಬಿದರೆ 275. ಆರಂಭದಲ್ಲಿ ಹೇಳಿದ 130ಕ್ಕೂ 300ಕ್ಕೂ ನಡುವಿನ ಅಂತರ ಬಹುಮಟ್ಟಿಗೆ ಇಲ್ಲೇ ಮುಗಿಯಿತು. ಮಿಕ್ಕದ್ದು ತುಪ್ಪದ್ದು.

ತುಪ್ಪ ಹೆಚ್ಚುಕಡಿಮೆ ಪೂರ್ತಿ ಕೊಬ್ಬು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವಿಲ್ಬರ್ ಆಟ್‌ವಾಟರ್ ರೂಪಿಸಿದ ಲೆಕ್ಕವನ್ನೇ ಇಂದಿಗೂ ಬಳಸುತ್ತೇವೆ: ಪಿಷ್ಟ ಮತ್ತು ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ, ಕೊಬ್ಬು ಗ್ರಾಂಗೆ 9. ಅದಕ್ಕೇ ನಮ್ಮ ಕುಕ್ಕರಿನಲ್ಲಿ ಹಸಿ ಸಾಮಾನಿನ ತೂಕದ ಆರು ಪಾಲಿನಲ್ಲಿ ಒಂದು ಪಾಲೂ ಇಲ್ಲದ ತುಪ್ಪ ಕ್ಯಾಲೊರಿಯಲ್ಲಿ ಕಾಲು ಪಾಲನ್ನು ಕಬಳಿಸಿದೆ. ಹಾಗಿದ್ದರೂ ಎಂಟು ಕಪ್‌ಗೆ ಹಂಚಿದಾಗ ಒಗ್ಗರಣೆಯ ತುಪ್ಪ ಕಪ್‌ಗೆ 45 ಕ್ಯಾಲೊರಿ ಮಾತ್ರ. ಲೆಕ್ಕ ತಪ್ಪಿಸುವುದು ಒಗ್ಗರಣೆಯಲ್ಲ, ಬಡಿಸಿದ ಮೇಲೆ ಬೀಳುವ ಚಮಚ. ಕರಗಿದ ತುಪ್ಪ ಒಂದು ಟೀ ಚಮಚ 40 ಕ್ಯಾಲೊರಿ, ಒಂದು ದೊಡ್ಡ ಚಮಚ 120. ನಮ್ಮ 172ರ ಕಪ್ ಮೇಲೆ ದೊಡ್ಡ ಚಮಚ ಬಿದ್ದರೆ 292. ಚಳಿಗಾಲದಲ್ಲಿ ಇದು ಇನ್ನೂ ಮೋಸ: ಗಟ್ಟಿ ತುಪ್ಪವನ್ನು ಡಬ್ಬಿಯಿಂದ ಗೋರಿದರೆ ಚಮಚದ ಮೇಲೆ ಗೋಪುರ ನಿಲ್ಲುತ್ತದೆ, ಒಂದು ಚಮಚ ಎಂದುಕೊಂಡದ್ದು ಒಂದೂವರೆಯಾಗಿರುತ್ತದೆ. ಅಳೆಯುವವರು ಕರಗಿಸಿಯೇ ಅಳೆಯಬೇಕು.

ಹಿಂದಿನವರ ಕೈ ಇನ್ನೂ ದೊಡ್ಡದು. ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಅರಮನೆಯ ಅಡುಗೆಗಳ ಅಳತೆಗಳಿವೆ. ಕಿಚಡಿಗೆ ಅಲ್ಲಿ ಅಕ್ಕಿ, ಬೇಳೆ, ತುಪ್ಪ ಮೂರೂ ಐದೈದು ಸೇರು, ಅಂದರೆ ಸಮಪಾಲು. ನಮ್ಮ ಕುಕ್ಕರಿಗೆ ಅದನ್ನು ಇಳಿಸಿದರೆ ಅಕ್ಕಿ 125, ಬೇಳೆ 125, ತುಪ್ಪವೂ 125 ಗ್ರಾಂ. ತರಕಾರಿ ಬಿಟ್ಟೇ ಒಟ್ಟು 1975 ಕ್ಯಾಲೊರಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತುಪ್ಪದ್ದೇ. ಕಿಚಡಿ ಎಂದರೆ ಜ್ವರ ಬಂದವರ ಪಥ್ಯ ಎಂಬ ನಮ್ಮ ಕಲ್ಪನೆಗೂ ಆ ಪಾತ್ರೆಗೂ ದೂರದ ನಂಟೂ ಇಲ್ಲ.

ಬೇಳೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಮನೆಗಳಲ್ಲೂ ಇದೆ. ಅಕ್ಕಿ ಕಡಿಮೆ ಮಾಡಿ ಬೇಳೆ ಜಾಸ್ತಿ ಹಾಕಿದರೆ ಕ್ಯಾಲೊರಿ ಇಳಿಯುತ್ತದೆ ಎಂದು. ಇಳಿಯುವುದಿಲ್ಲ ಎಂದೇ ಹೇಳಬೇಕು. ಬೇಳೆಯನ್ನೇ ಹಾಕದೆ 250 ಗ್ರಾಂ ಬರೀ ಅಕ್ಕಿ ಬೇಯಿಸಿದರೆ 875 ಕ್ಯಾಲೊರಿ, 150 ಅಕ್ಕಿ 100 ಬೇಳೆ ಸೇರಿಸಿದರೆ 855. ಇಡೀ ಪಾತ್ರೆಗೆ ಇಪ್ಪತ್ತು ಕ್ಯಾಲೊರಿ, ಅಂದರೆ ಅರ್ಧ ಟೀ ಚಮಚ ತುಪ್ಪದಷ್ಟು. ಬೇಳೆಯಿಂದ ಬದಲಾಗುವುದು ಪ್ರೋಟೀನ್. ಬರೀ ಅಕ್ಕಿಯಲ್ಲಿ ಸುಮಾರು 20 ಗ್ರಾಂ ಇದ್ದದ್ದು ಬೇಳೆ ಬೆರೆತಾಗ 35ಕ್ಕೆ ಏರುತ್ತದೆ, ನಾರೂ ಹೆಚ್ಚುತ್ತದೆ. ಹೆಸರುಬೇಳೆಯೋ ತೊಗರಿಯೋ ಚನ್ನಂಗಿಯೋ ಎಂಬುದು ರುಚಿಯ ಪ್ರಶ್ನೆ, ಅರಗುವ ಪ್ರಶ್ನೆ. ಕ್ಯಾಲೊರಿಯ ಮಟ್ಟಿಗೆ ಮೂರೂ ಒಂದೇ. ಕಪ್‌ನ ಕ್ಯಾಲೊರಿ ನಿಜಕ್ಕೂ ಇಳಿಯಬೇಕಾದರೆ ತರಕಾರಿ ಮತ್ತು ನೀರು ಹೆಚ್ಚಬೇಕು, ಇಲ್ಲವೇ ತುಪ್ಪ ಕಡಿಮೆಯಾಗಬೇಕು.

ಪಲಾವಿನ ಲೆಕ್ಕ ಇದೇ ದಾರಿಯದು, ಒಂದು ತಿರುವು ಬಿಟ್ಟರೆ. 250 ಗ್ರಾಂ ಅಕ್ಕಿ, ಅಷ್ಟೇ ತರಕಾರಿ, ಅಷ್ಟೇ ತುಪ್ಪ ಹಾಕಿದ ಪಲಾವು ಒಟ್ಟು 1395 ಕ್ಯಾಲೊರಿ. ನೀರು ಕಡಿಮೆ ಇರುವುದರಿಂದ ಬೆಂದದ್ದು 1080 ಗ್ರಾಂನಷ್ಟೇ. ಗ್ರಾಂ ಲೆಕ್ಕದಲ್ಲಿ ಮೆತ್ತನೆಯ ಕಿಚಡಿಗಿಂತ ಒಂದೂವರೆ ಪಟ್ಟು. ಆದರೆ ಪಲಾವು ಉದುರುದುರು, ಅಗುಳಿನ ಮಧ್ಯೆ ಗಾಳಿ. 200 ಮಿಲಿ ಬಟ್ಟಲಿಗೆ ಒತ್ತದೆ ಹಾಕಿದರೆ 140 ಗ್ರಾಂ ಹಿಡಿದೀತು, ಆಗ ಕಪ್‌ಗೆ 180 ಕ್ಯಾಲೊರಿ, ಕಿಚಡಿಗೆ ಹತ್ತಿರ. ಸೌಟಿನ ಹಿಂಬದಿಯಿಂದ ಅದುಮಿ ಅದುಮಿ ತುಂಬಿದರೆ 180 ಗ್ರಾಂ ಹಿಡಿಯಬಹುದು, ಆಗ 230. ಪಲಾವನ್ನು ಕಪ್‌ನಲ್ಲಿ ಅಳೆಯುವುದೇ ಸರಿಯಲ್ಲ, ತೂಗುವುದು ವಾಸಿ.

ಮನೆಯಲ್ಲಿ ಮಾಡುವ ಕ್ರಮ ಇಷ್ಟೆ. ಅಕ್ಕಿ, ಬೇಳೆ, ತುಪ್ಪ ಮೂರನ್ನು ಹಸಿಯಾಗಿರುವಾಗಲೇ ತೂಗಿ ಬರೆದುಕೊಳ್ಳಬೇಕು. ತರಕಾರಿಗೆ ಅಂದಾಜು ಸಾಕು. ನೂರು ಗ್ರಾಂ ಹೆಚ್ಚುಕಡಿಮೆಯಾದರೆ ಇಡೀ ಪಾತ್ರೆಯಲ್ಲಿ ಮೂವತ್ತು ನಲವತ್ತು ಕ್ಯಾಲೊರಿ ಆಚೀಚೆ. ಆಲೂಗಡ್ಡೆ ಹಾಕಿದ್ದರೆ ಮಾತ್ರ ಅದರದ್ದು ಇಮ್ಮಡಿ ಎಂದು ನೆನಪಿರಲಿ. ಖಾಲಿ ಕುಕ್ಕರಿನ ತೂಕವನ್ನು ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ತುಂಬಿದ ಕುಕ್ಕರನ್ನು ತೂಗಿ ಕಳೆದರಾಯಿತು. ತಕ್ಕಡಿ ಅಷ್ಟು ಭಾರ ಹೊರದಿದ್ದರೆ ಬಡಿಸುವಾಗ ಎಷ್ಟು ಸೌಟು ಬಂತೆಂದು ಎಣಿಸಿ, ಒಟ್ಟನ್ನು ಅದರಿಂದ ಭಾಗಿಸಬಹುದು. ಸೌಟು ಹಾಕುವ ಮುಂಚೆ ತಳದಿಂದ ಕಲಕಬೇಕು, ಇಲ್ಲದಿದ್ದರೆ ಮೇಲೆ ತೇಲುವ ತುಪ್ಪವೆಲ್ಲ ಮೊದಲು ಕೂತವರ ತಟ್ಟೆಗೆ ಹೋಗುತ್ತದೆ. ಬಿಸಿಬೇಳೆಬಾತಿಗೂ ಖಾರ ಪೊಂಗಲಿಗೂ ಇದೇ ಲೆಕ್ಕ ನಡೆಯುತ್ತದೆ, ಗೋಡಂಬಿಯನ್ನು ಬೇರೆಯಾಗಿ ತೂಗಿದರೆ: 25 ಗ್ರಾಂ ಗೋಡಂಬಿ ಸುಮಾರು 140 ಕ್ಯಾಲೊರಿ.

ಇದರಲ್ಲಿ ಜನ ಎಡವುವ ಜಾಗ ಒಂದೇ, ಹಸಿ ಮತ್ತು ಬೆಂದದ್ದರ ಗೊಂದಲ. ತಟ್ಟೆಯಲ್ಲಿರುವ ಬೆಂದ ಕಿಚಡಿಯನ್ನು 200 ಗ್ರಾಂ ಎಂದು ತೂಗಿ, ಮೊಬೈಲಿನ ಆ್ಯಪ್‌ನಲ್ಲಿ ಅಕ್ಕಿ 200 ಗ್ರಾಂ ಎಂದು ಒತ್ತಿದರೆ ಅದು 700 ಕ್ಯಾಲೊರಿ ತೋರಿಸುತ್ತದೆ, ಇದ್ದದ್ದು 172. ಒಂದು ಹೊತ್ತಿನ ಊಟಕ್ಕೆ ಯಾವುದಾದರೂ ಸಂಖ್ಯೆ ಅಸಾಧ್ಯ ಎನಿಸಿದರೆ ಮೊದಲು ಇದನ್ನು ನೋಡಬೇಕು. ಸಂಖ್ಯೆಯ ನಿಖರತೆಯನ್ನೂ ಅತಿಯಾಗಿ ನಂಬಬೇಕಿಲ್ಲ. ಅಕ್ಕಿಯ ತಳಿ, ತೇವಾಂಶ, ಚಮಚದ ಅಂದಾಜು ಎಲ್ಲ ಸೇರಿ ನೂರಕ್ಕೆ ಹತ್ತರಷ್ಟು ಏರುಪೇರು ಸಹಜ. 172 ಎಂದು ಬರೆದದ್ದನ್ನು 155ರಿಂದ 190 ಎಂದು ಓದಿಕೊಳ್ಳುವುದು ಲೇಸು.

ಉಳಿದ ಕಿಚಡಿ ಮರುದಿನ ಗಟ್ಟಿಯಾಗಿರುತ್ತದೆ, ಅಕ್ಕಿ ಬೇಳೆ ನೀರನ್ನೆಲ್ಲ ಹೀರಿಕೊಂಡಿರುತ್ತವೆ. ಬಿಸಿ ಮಾಡುವಾಗ ನೀರು ಸೇರಿಸಿದರೆ ಕಪ್‌ನ ಸಂಖ್ಯೆ ಕೆಳಗಿಳಿಯುತ್ತದೆ, ತಳ ಹಿಡಿಯದಿರಲೆಂದು ಒಂದು ಟೀ ಚಮಚ ತುಪ್ಪ ಸೇರಿಸಿದರೆ ಒಟ್ಟಿಗೆ 40 ಕೂಡಬೇಕು. ಎರಡು ಕಪ್ ಉಳಿದಿದ್ದರೆ ಕಪ್‌ಗೆ 20 ಹೆಚ್ಚು.