ನಗರದಲ್ಲಿ ಮೊದಲ ನೌಕರಿ: ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಪದವಿ ಫಲಿತಾಂಶ ಬಂದ ಮೇಲೆ ನಮ್ಮ ಧರ್ಮಕೇಂದ್ರಗಳ ಅನೇಕ ಯುವಕ ಯುವತಿಯರು ಬೆಂಗಳೂರಿನ ನೌಕರಿಯ ಆಫರ್ ಲೆಟರ್ ಹಿಡಿದುಕೊಂಡು ಹಿರಿಯರ ಬಳಿ ಬರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರಿಗೆ ಆ ಕಾಗದವನ್ನು ಓದಿ ಹೇಳುವವರು ಯಾರೂ ಇರುವುದಿಲ್ಲ. ಅಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಒಂದು ಉದಾಹರಣೆಯ ಮೂಲಕ ಇಲ್ಲಿ ಉತ್ತರ ಕೊಡಲಾಗಿದೆ. ಕುಂದಾಪುರ ಕಡೆಯ ಒಬ್ಬ ಬಿ.ಕಾಂ. ಪದವೀಧರೆಯನ್ನು ಊಹಿಸಿಕೊಳ್ಳೋಣ. ಮನೆಯವರು ಕೂಡಿಟ್ಟ ಹಣ 30,000 ರೂಪಾಯಿ. ಬೆಂಗಳೂರಿನಲ್ಲಿ ಪರಿಚಯದವರು ಯಾರೂ ಇಲ್ಲ.

ಪ್ರಶ್ನೆ: ಆಫರ್ ಲೆಟರಿನಲ್ಲಿ ವರ್ಷಕ್ಕೆ ಮೂರು ಲಕ್ಷ ಎಂದಿದೆ. ಹಾಗಾದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ತಾನೇ?

ಉತ್ತರ: ಬರುವುದಿಲ್ಲ. ಆ ಮೂರು ಲಕ್ಷದ ಪಕ್ಕದಲ್ಲಿ ‘ಸಿಟಿಸಿ’ ಎಂದು ಬರೆದಿದೆಯೇ ನೋಡಿ. ಅದು ನಿಮಗಾಗಿ ಕಂಪೆನಿಗೆ ತಗಲುವ ಒಟ್ಟು ಖರ್ಚು, ನಿಮ್ಮ ಸಂಬಳವಲ್ಲ.

ನಮ್ಮ ಉದಾಹರಣೆಯಲ್ಲಿ ಮೂಲ ವೇತನ ತಿಂಗಳಿಗೆ 12,500 ಮತ್ತು ಮನೆ ಬಾಡಿಗೆ ಭತ್ಯೆ 7,500 ಎಂದಿಟ್ಟುಕೊಳ್ಳಿ. ಮೂಲ ವೇತನದ ಶೇಕಡಾ 12ರಂತೆ ಕಂಪೆನಿ ಕಟ್ಟುವ ಪಿ.ಎಫ್. ವರ್ಷಕ್ಕೆ 18,000. ಗ್ರಾಚ್ಯುಟಿಗೆಂದು ತೋರಿಸುವುದು ಸುಮಾರು 7,200. ಇ.ಎಸ್.ಐ.ಗೆ ಕಂಪೆನಿಯ ಪಾಲು ಶೇಕಡಾ 3.25ರಂತೆ 7,800. ಉಳಿದ 27,000 ‘ವೇರಿಯೇಬಲ್ ಪೇ’, ಅಂದರೆ ಕೆಲಸ ನೋಡಿ ವರ್ಷದ ಕೊನೆಗೆ ಕೊಡುವ ಅಥವಾ ಕೊಡದೇ ಇರಬಹುದಾದ ಹಣ. ಈ ನಾಲ್ಕೂ ಸೇರಿ 60,000 ಆಯಿತು. ಅದನ್ನು ಕಳೆದರೆ ತಿಂಗಳಿಗೆ 20,000 ಉಳಿಯುತ್ತದೆ. ಅದರಲ್ಲೂ ನಿಮ್ಮ ಪಾಲಿನ ಪಿ.ಎಫ್. 1,500 ಮತ್ತು ಇ.ಎಸ್.ಐ. 150 ಕಡಿತವಾಗಿ ಕೈಗೆ ಸಿಗುವುದು 18,350 ರೂಪಾಯಿ.

ಪಿ.ಎಫ್. ಹಣ ನಿಮ್ಮದೇ, ಅದು ನಷ್ಟವಲ್ಲ. ಇ.ಎಸ್.ಐ.ಯಿಂದ ಚಿಕಿತ್ಸೆಯ ಸೌಲಭ್ಯವೂ ಇದೆ. ಆದರೆ ಮೊದಲ ತಿಂಗಳ ಬಾಡಿಗೆಯನ್ನು ಅವುಗಳಿಂದ ಕಟ್ಟಲಾಗದು. ಆದ್ದರಿಂದ ಎಚ್.ಆರ್. ವಿಭಾಗದವರನ್ನು ನೇರವಾಗಿ ಹೀಗೆ ಕೇಳಿ: “ಎಲ್ಲಾ ಕಡಿತಗಳ ನಂತರ ಪ್ರತಿ ತಿಂಗಳು ನನ್ನ ಬ್ಯಾಂಕ್ ಖಾತೆಗೆ ಎಷ್ಟು ಬರುತ್ತದೆ?” ಉತ್ತರವನ್ನು ಇ-ಮೇಲ್ ಮೂಲಕ ತರಿಸಿಕೊಳ್ಳಿ. ಹೀಗೆ ಕೇಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ಪ್ರಶ್ನೆ: ಕೈಯಲ್ಲಿರುವ 30,000 ಮೊದಲ ಸಂಬಳ ಬರುವ ತನಕ ಸಾಕಾಗುತ್ತದೆಯೇ?

ಉತ್ತರ: ಅದು ನೀವು ಯಾವ ತಾರೀಕಿಗೆ ಕೆಲಸಕ್ಕೆ ಸೇರುತ್ತೀರಿ ಎಂಬುದರ ಮೇಲೆ ನಿಂತಿದೆ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ.

ಊಟ ಸೇರಿದ ಪಿ.ಜಿ.ಗೆ ತಿಂಗಳಿಗೆ 8,000 ಮತ್ತು ಮುಂಗಡ ಇನ್ನೊಂದು 8,000 ಎಂದು ಇಟ್ಟುಕೊಳ್ಳೋಣ. ಪ್ರಯಾಣಕ್ಕೆ 1,000, ಬಟ್ಟೆ, ಚಪ್ಪಲಿ, ಹಾಸಿಗೆ ಹೊದಿಕೆಗೆ 3,000, ಬಸ್ಸು, ಮಧ್ಯಾಹ್ನದ ಊಟ ಮತ್ತು ಫೋನಿಗೆ ತಿಂಗಳಿಗೆ 4,500. ಜುಲೈ 1ರಂದು ಸೇರಿದರೆ ತಿಂಗಳ ಕೊನೆಗೆ ಸಂಬಳ ಬರುವಷ್ಟರಲ್ಲಿ 24,500 ಖರ್ಚಾಗಿ 5,500 ಕೈಯಲ್ಲಿ ಉಳಿದಿರುತ್ತದೆ.

ಅದೇ ಜೂನ್ 23ರಂದು ಸೇರಿದರೆ? ಅನೇಕ ಕಂಪೆನಿಗಳು ತಿಂಗಳ 20ನೇ ತಾರೀಕಿನ ಸುಮಾರಿಗೆ ಆ ತಿಂಗಳ ಸಂಬಳದ ಪಟ್ಟಿಯನ್ನು ಮುಗಿಸುತ್ತವೆ. ಆ ಮೇಲೆ ಸೇರಿದವರ ಜೂನ್ ತಿಂಗಳ ಎಂಟು ದಿನದ ಸಂಬಳ ಜುಲೈ ಸಂಬಳದ ಜೊತೆಗೇ ಬರುತ್ತದೆ. ಅಷ್ಟರಲ್ಲಿ ಜುಲೈ 22ಕ್ಕೆ ಪಿ.ಜಿ.ಯ ಎರಡನೇ ಬಾಡಿಗೆ ಕಟ್ಟಬೇಕಾಗುತ್ತದೆ, ದಿನದ ಖರ್ಚು 4,500 ಇದ್ದದ್ದು 6,000 ಆಗುತ್ತದೆ. ಒಟ್ಟು 34,000. ಅಂದರೆ 4,000 ರೂಪಾಯಿ ಕಡಿಮೆ ಬೀಳುತ್ತದೆ. ಈ ಸಣ್ಣ ಕೊರತೆಯೇ ಮೊಬೈಲಿನ ಸಾಲದ ಆ್ಯಪ್‌ಗಳ ಕಡೆಗೆ ಕೈಚಾಚುವಂತೆ ಮಾಡುತ್ತದೆ.

ಪರಿಹಾರ ಸುಲಭ. “ಸಂಬಳ ಯಾವ ತಾರೀಕಿಗೆ? ಯಾವ ತಾರೀಕಿನೊಳಗೆ ಸೇರಿದರೆ ಅದೇ ತಿಂಗಳು ಸಿಗುತ್ತದೆ?” ಎಂದು ಕೇಳಿ. ಸಾಧ್ಯವಾದರೆ ಮುಂದಿನ ತಿಂಗಳ 1ನೇ ತಾರೀಕಿಗೆ ಸೇರಲು ಅನುಮತಿ ಕೇಳಿಕೊಳ್ಳಿ. ಪಿ.ಜಿ.ಯಲ್ಲಿ ಮುಂಗಡದಿಂದ ಎಷ್ಟು ಹಿಂದೆ ಕೊಡುತ್ತಾರೆ, ಬಿಡುವ ಮುನ್ನ ಎಷ್ಟು ದಿನದ ನೋಟಿಸ್ ಬೇಕು ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ತರಬೇತಿಗೆಂದು ಹಣ ಕಟ್ಟಲು ಹೇಳುತ್ತಿದ್ದಾರೆ. ಮೂಲ ಅಂಕಪಟ್ಟಿಗಳನ್ನೂ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನೌಕರಿ ಕೊಡುವವರು ನಿಮಗೆ ಹಣ ಕೊಡಬೇಕೇ ಹೊರತು ನಿಮ್ಮಿಂದ ತೆಗೆದುಕೊಳ್ಳಬಾರದು. ನೋಂದಣಿ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ, ಹೆಸರು ಏನೇ ಇರಲಿ, ಕಟ್ಟಬೇಡಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ಅಲ್ಲಿಯೇ ಹಿಂದೆ ಪಡೆದು, ಪ್ರತಿಯನ್ನು ಮಾತ್ರ ಕೊಡಿ. ಅವು ಇನ್ನೊಬ್ಬರ ಕಪಾಟಿನಲ್ಲಿದ್ದರೆ ನೀವು ಮತ್ತೊಂದು ಕೆಲಸಕ್ಕೆ ಹೋಗುವುದೇ ಕಷ್ಟ.

ಬಾಂಡ್ ಪತ್ರದ ವಿಷಯ ಬೇರೆ. ‘ಅದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ’ ಎಂಬ ಮಾತನ್ನು ನಂಬಿ ಸಹಿ ಹಾಕಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ಮುಗಿಯುವ ಮೊದಲು ಕೆಲಸ ಬಿಟ್ಟರೆ ಎರಡು ಲಕ್ಷ ಕೊಡಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಎಲ್ಲಾ ಬಾಂಡ್‌ಗಳೂ ಹಾಗೆಯೇ ನಿಲ್ಲುತ್ತವೆ ಎಂದು ಇದರ ಅರ್ಥವಲ್ಲ. ಆದರೂ ಎಷ್ಟು ತಿಂಗಳು, ಎಷ್ಟು ಹಣ ಎಂದು ಓದಿಯೇ ಸಹಿ ಮಾಡಿ. ಖಾಲಿ ಚೆಕ್ ಮಾತ್ರ ಯಾರಿಗೂ ಕೊಡಬೇಡಿ.

ಪ್ರಶ್ನೆ: ಪರಿಚಯದವರಿಲ್ಲದ ಊರಿನಲ್ಲಿ ಉಳಿದುಕೊಳ್ಳುವುದು ಎಲ್ಲಿ?

ಉತ್ತರ: ಬೆಂಗಳೂರಿನಲ್ಲಿ ಧರ್ಮಭಗಿನಿಯರು ನಡೆಸುವ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲುಗಳಿವೆ. ಸ್ಥಳ ಸೀಮಿತವಾದ ಕಾರಣ ಆಫರ್ ಬಂದ ಕೂಡಲೇ ವಿಚಾರಿಸಿ, ವಿಗಾರರಿಂದ ಒಂದು ಪರಿಚಯ ಪತ್ರ ಪಡೆದುಕೊಳ್ಳಿ. ಆದರೆ ಇಂಥ ಕಡೆ ರಾತ್ರಿ ಗೇಟು ಮುಚ್ಚುವ ಸಮಯ ಇರುತ್ತದೆ. ನಿಮ್ಮ ಪಾಳಿ ರಾತ್ರಿ ಹನ್ನೊಂದಕ್ಕೆ ಮುಗಿಯುವುದಾದರೆ ಅಲ್ಲಿ ಇರಲಾಗದು. ಆದ್ದರಿಂದ ಮೊದಲು ಪಾಳಿಯ ಸಮಯ, ಕಂಪೆನಿಯ ವಾಹನ ಹೋಗುವಾಗ ಬರುವಾಗ ಎರಡೂ ಹೊತ್ತು ಇದೆಯೇ ಎಂಬುದನ್ನು ತಿಳಿದುಕೊಂಡು, ನಂತರ ವಸತಿ ಗೊತ್ತುಮಾಡಿ. ಯುವಕರು ಕಚೇರಿಗೆ ಒಂದೇ ಬಸ್ಸಿನಲ್ಲಿ ತಲುಪುವ ಜಾಗ ನೋಡಿಕೊಳ್ಳಲಿ. ಬಾಡಿಗೆ ಸಾವಿರ ಕಡಿಮೆಯೆಂದು ದೂರ ಹೋದರೆ ಆ ಸಾವಿರ ಬಸ್ಸಿಗೂ ಆಟೋಗೂ ಹೋಗುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿ ಕೈಗೆ 14,000 ಸಿಗುವ ಕೆಲಸವೂ ಇದೆ. ಯಾವುದು ಒಳ್ಳೆಯದು?

ಉತ್ತರ: ಬೆಂಗಳೂರಿನ 18,350ರಲ್ಲಿ ಪಿ.ಜಿ. 8,000, ದಿನದ ಖರ್ಚು 4,500 ಕಳೆದರೆ 5,850 ಉಳಿಯುತ್ತದೆ. ಬಂಟ್ವಾಳದಿಂದ ಮಂಗಳೂರಿಗೆ ಹೋಗಿಬರುವವರಿಗೆ ಬಸ್ಸು ಮತ್ತು ಇತರ ಖರ್ಚು 4,500 ಕಳೆದು 9,500 ಉಳಿಯಬಹುದು. ಕುಂದಾಪುರದವರಿಗೆ ದಿನವೂ ಹೋಗಿಬರುವುದು ಕಷ್ಟ, ಮಂಗಳೂರಿನಲ್ಲೂ ರೂಮು ಬೇಕಾಗಿ ಆ ಲಾಭ ಕರಗುತ್ತದೆ. ಹೀಗಾಗಿ ದೊಡ್ಡ ಮೊತ್ತವನ್ನು ನೋಡಬೇಡಿ, ಉಳಿಯುವ ಮೊತ್ತವನ್ನು ನೋಡಿ.

ಅದರ ಜೊತೆಗೆ ಎರಡು ವರ್ಷದ ನಂತರ ಏನು ಕಲಿತಿರುತ್ತೀರಿ ಎಂದು ಕೇಳಿಕೊಳ್ಳಿ. ಮಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಜಿ.ಎಸ್.ಟಿ. ರಿಟರ್ನ್ ಸಲ್ಲಿಸಲು ಕಲಿತ ಬಿ.ಕಾಂ. ಪದವೀಧರೆಗೆ ಮುಂದೆ ಯಾವ ಊರಿನಲ್ಲಾದರೂ ಕೆಲಸವಿದೆ. ಬೆಂಗಳೂರಿನಲ್ಲಿ ಬರೇ ಫೋನು ಎತ್ತುವ ಕೆಲಸವಾದರೆ ಅಷ್ಟು ಹೇಳಲಾಗದು. ಎರಡೂ ಕಡೆ ಕಲಿಯುವುದು ಒಂದೇ ಎಂದಾದರೆ ಉಳಿತಾಯ ಹೆಚ್ಚಿರುವಲ್ಲಿಗೆ ಹೋಗಿ.

ಧರ್ಮಕೇಂದ್ರಗಳ ಯುವ ಸಂಘಟನೆಗಳ ಸಚೇತಕರು ಆಫರ್ ಲೆಟರ್ ತಂದವರೊಡನೆ ಕುಳಿತು, ಕೈಗೆ ಸಿಗುವ ಸಂಬಳ ಮತ್ತು ಸೇರುವ ತಾರೀಕು, ಈ ಎರಡು ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ತುಂಬಾ ಉಪಕಾರವಾಗುತ್ತದೆ. ಅದಕ್ಕೆ ಅರ್ಧ ಗಂಟೆ ಸಾಕು.